ಡಾಲರಿನ ಬೆಲೆ ಕಟ್ಟುವವರು ಯಾರು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ 2024ರ ಡಿಸೆಂಬರಿನಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ವಿದ್ಯಾರ್ಥಿಗಳು ತಾವು ಮಾಡುವ ಕೆಲಸದಲ್ಲಿ ಊರಿಗೆ ಉಪಯೋಗವಾಗುವಂಥ ಒಂದು ವಿಷಯ ಮಾತಾಡಬೇಕು ಎಂದು ಸಮಿತಿಯವರು ಹೇಳಿದರು. ನಾನು ಕೆಲಸ ಮಾಡುವುದು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹಣ ಕಳಿಸುವ ಸಾಫ್ಟ್‌ವೇರಿನಲ್ಲಿ. ಹಾಗಾಗಿ ಡಾಲರಿನ ಬೆಲೆಯ ಬಗ್ಗೆ ಮಾತಾಡುತ್ತೇನೆ. ಇದು ಬೆಂಗಳೂರಿನವರ ವಿಷಯ, ನಮಗೇನು ಎಂದುಕೊಳ್ಳಬೇಡಿ. ನಮ್ಮ ಬೀದಿಗಳಲ್ಲಿ ದುಬೈನಿಂದ, ಅಮೆರಿಕದಿಂದ ಹಣ ಬರುವ ಮನೆಗಳಿವೆ. ಮಗಳನ್ನು ಹೊರದೇಶಕ್ಕೆ ಓದಲು ಕಳಿಸಿ ಫೀಸು ಕಟ್ಟುತ್ತಿರುವವರಿದ್ದಾರೆ. ಕಾಫಿ, ಮೆಣಸು ಬೆಳೆಯುವವರಿದ್ದಾರೆ. ಮೊಬೈಲಿನಲ್ಲಿ ‘ಫಾರೆಕ್ಸ್ ಟ್ರೇಡಿಂಗ್’ ಮಾಡಿ ದುಡ್ಡು ಕಳೆದುಕೊಂಡ ಹುಡುಗರೂ ಇದ್ದಾರೆ. ಇವರೆಲ್ಲರ ಲೆಕ್ಕ ನಿಂತಿರುವುದು ಒಂದೇ ಸಂಖ್ಯೆಯ ಮೇಲೆ.

ನಮ್ಮ ಶಾಲೆ ಶುರುವಾದ 1974ರಲ್ಲಿ ಒಂದು ಅಮೆರಿಕನ್ ಡಾಲರಿಗೆ ಸುಮಾರು ಎಂಟು ರೂಪಾಯಿ ಇತ್ತು. ಇವತ್ತು ಎಂಬತ್ತನಾಲ್ಕು ದಾಟಿದೆ. ಈ ಐವತ್ತು ವರ್ಷದಲ್ಲಿ ಹೀಗೇಕಾಯಿತು, ದಿನದಿನವೂ ಅದು ಏರಿಳಿಯುವಂತೆ ಮಾಡುವವರು ಯಾರು, ಆ ಸಂಖ್ಯೆಯನ್ನು ಓದುವುದು ಹೇಗೆ ಎಂಬುದಷ್ಟನ್ನೇ ಹೇಳುತ್ತೇನೆ.

ಎಡಗಡೆಯದು ಸರಕು, ಬಲಗಡೆಯದು ಬೆಲೆ

ಮೊದಲು ಓದುವುದನ್ನು ಕಲಿಯೋಣ. ಬ್ಯಾಂಕಿನ ಪರದೆಯ ಮೇಲೆ ಹೀಗೆ ಕಾಣುತ್ತದೆ:

USD/INR 84.50

ಪ್ರತಿ ದೇಶದ ಹಣಕ್ಕೂ ಮೂರು ಅಕ್ಷರದ ಒಂದು ಗುರುತಿದೆ. USD ಅಂದರೆ ಅಮೆರಿಕದ ಡಾಲರ್, INR ಅಂದರೆ ನಮ್ಮ ರೂಪಾಯಿ. ಹೀಗೆ ಎರಡು ಹಣಗಳನ್ನು ಜೊತೆಯಾಗಿ ಬರೆಯುವುದರಿಂದ ಇದನ್ನು ‘ಜೋಡಿ’ ಎನ್ನುತ್ತಾರೆ. ನೋಡಿದರೆ ಭಾಗಾಕಾರದಂತೆ ಕಾಣುತ್ತದೆ, ಆದರೆ ಎಪಿಎಂಸಿಯ ಲೆಕ್ಕದಂತೆ ಓದಿದರೆ ಸುಲಭ. ಅಡಿಕೆ ಮಂಡಿಯಲ್ಲಿ ‘ರಾಶಿ ಅಡಿಕೆ, ಕ್ವಿಂಟಾಲಿಗೆ ಇಷ್ಟು ರೂಪಾಯಿ’ ಎಂದು ಬೋರ್ಡಿನಲ್ಲಿ ಬರೆಯುತ್ತಾರಲ್ಲ, ಇದೂ ಹಾಗೆಯೇ. ಎಡಗಡೆ ಇರುವುದು ಮಾರಾಟಕ್ಕೆ ಬಂದ ಸರಕು, ಬಲಗಡೆ ಇರುವುದು ಬೆಲೆ ಕೊಡುವ ಹಣ. ‘ಒಂದು ಡಾಲರ್ ಎಂಬ ಸರಕಿಗೆ 84 ರೂಪಾಯಿ 50 ಪೈಸೆ’ ಎಂದು ಅದರ ಅರ್ಥ.

ಇಷ್ಟು ತಿಳಿದರೆ ಪತ್ರಿಕೆಯ ಸುದ್ದಿ ಗೊಂದಲ ಮಾಡುವುದಿಲ್ಲ. ಸಂಖ್ಯೆ 84.50ರಿಂದ 85ಕ್ಕೆ ಏರಿದರೆ ‘ರೂಪಾಯಿ ಕುಸಿತ’ ಎಂದು ತಲೆಬರಹ ಬರುತ್ತದೆ. ಏರಿದ್ದನ್ನು ಕುಸಿತ ಎನ್ನುತ್ತಾರೇಕೆ ಎಂದು ಮಕ್ಕಳು ಕೇಳುತ್ತಾರೆ. ಏರಿದ್ದು ಎಡಗಡೆಯ ಸರಕಿನ ಬೆಲೆ. ಅದೇ ಸರಕಿಗೆ ಹೆಚ್ಚು ರೂಪಾಯಿ ಎಣಿಸಬೇಕಾಯಿತು ಅಂದರೆ ರೂಪಾಯಿ ಅಷ್ಟರ ಮಟ್ಟಿಗೆ ಅಗ್ಗವಾಯಿತು ಎಂದಾಯಿತು.

ಯಾವುದನ್ನು ಎಡಗಡೆ ಇಡಬೇಕು ಎಂಬುದು ಗಣಿತದ ನಿಯಮವಲ್ಲ, ವ್ಯಾಪಾರದಲ್ಲಿ ಬಂದ ರೂಢಿ. ಡಾಲರ್ ಮತ್ತು ಜಪಾನಿನ ಯೆನ್ ಜೋಡಿಯನ್ನು USD/JPY ಎಂದು ಬರೆಯುತ್ತಾರೆ. ಅಲ್ಲಿ ಡಾಲರೇ ಸರಕು. ಆದರೆ ಯೂರೋಪಿನ ಯೂರೋ ಮತ್ತು ಇಂಗ್ಲೆಂಡಿನ ಪೌಂಡ್ ಬಂದಾಗ EUR/USD, GBP/USD ಎಂದು ಬರೆಯುತ್ತಾರೆ. ಅಲ್ಲಿ ಡಾಲರ್ ಬಲಕ್ಕೆ ಹೋಗಿ ಬೆಲೆಯಾಗುತ್ತದೆ. ಹಾಗಾಗಿ ಪ್ರಪಂಚದ ಎಲ್ಲ ಕಡೆ ಡಾಲರ್ ಬಲಗೊಂಡ ದಿನ USD/JPY ಸಂಖ್ಯೆ ಏರುತ್ತದೆ, EUR/USD ಸಂಖ್ಯೆ ಇಳಿಯುತ್ತದೆ. ಎರಡೂ ಹೇಳುವುದು ಒಂದೇ ಮಾತನ್ನು. ಎಡಗಡೆ ಯಾವುದಿದೆ ಎಂದು ನೋಡದೆ ಸಂಖ್ಯೆಯನ್ನು ಮಾತ್ರ ನೋಡುವವನಿಗೆ ಇದು ತಿಳಿಯುವುದಿಲ್ಲ.

ದುಬೈನಿಂದ ಹಣ ಬರುವ ಮನೆಯವರಿಗೆ ಒಂದು ವಿಷಯ ಹೇಳಬೇಕು. ಯುಎಇಯ ದಿರ್ಹಮ್ ತನ್ನಷ್ಟಕ್ಕೆ ತಾನು ಏರಿಳಿಯುವುದಿಲ್ಲ. ಅಲ್ಲಿನ ಸರ್ಕಾರ 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಿದೆ. ಹಾಗಾಗಿ ಡಾಲರಿನ ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ ದಿರ್ಹಮಿನ ಬೆಲೆ ಸಿಗುತ್ತದೆ. 84.50 ಭಾಗಿಸು 3.6725, ಅಂದರೆ ಸುಮಾರು 23 ರೂಪಾಯಿ 1 ಪೈಸೆ. ‘ದಿರ್ಹಮ್ ಏರಿತು’ ಎಂದು ಯಾರಾದರೂ ಹೇಳಿದರೆ ನಿಜವಾಗಿ ಏರಿದ್ದು ರೂಪಾಯಿಯ ಎದುರು ಡಾಲರ್. ದಿರ್ಹಮ್ ಅದರ ಬೆನ್ನಿಗೆ ಕಟ್ಟಿದ ಗಂಟು ಅಷ್ಟೇ.

ಒಂದೇ ದಿನ, ನಾಲ್ಕು ಬೆಲೆ

ಟಿವಿಯಲ್ಲಿ 84.50 ಎಂದು ತೋರಿಸಿದರು. ನೀವು ಬ್ಯಾಂಕಿಗೆ ಹೋದಿರಿ. ನಿಮಗೆ ಆ ದರ ಸಿಗುವುದಿಲ್ಲ. ಬ್ಯಾಂಕಿನವರು ಮೋಸ ಮಾಡಿದರು ಎಂದು ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ನಡೆದದ್ದು ಏನೆಂದು ನೋಡೋಣ.

ಡಾಲರಿನ ಸಂತೆಯಲ್ಲಿ ಬೆಲೆ ಯಾವಾಗಲೂ ಎರಡಾಗಿಯೇ ಇರುತ್ತದೆ, ಕೊಳ್ಳುವ ದರ ಮತ್ತು ಮಾರುವ ದರ. ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ವ್ಯಾಪಾರ ಮಾಡುವಾಗ 84.49ಕ್ಕೆ ಕೊಳ್ಳುತ್ತೇನೆ, 84.50ಕ್ಕೆ ಮಾರುತ್ತೇನೆ ಎಂದು ಒಂದೇ ಉಸಿರಿನಲ್ಲಿ ಎರಡು ದರ ಹೇಳುತ್ತಾರೆ. ಅಲ್ಲಿ ವ್ಯತ್ಯಾಸ ಒಂದು ಪೈಸೆಯೋ, ಅದಕ್ಕೂ ಕಡಿಮೆಯೋ ಇರುತ್ತದೆ. ಏಕೆಂದರೆ ಒಂದೊಂದು ವ್ಯವಹಾರವೂ ಲಕ್ಷಗಟ್ಟಲೆ ಡಾಲರಿನದು. ಟಿವಿಯಲ್ಲಿ ನೀವು ನೋಡಿದ್ದು ಈ ಸಗಟು ದರ. ನೀವು ಮತ್ತು ನಾನು ಚಿಲ್ಲರೆ ಗಿರಾಕಿಗಳು.

ಚಿಲ್ಲರೆ ಗಿರಾಕಿಗಳಿಗೆ ಬ್ಯಾಂಕು ಪ್ರತಿದಿನ ಒಂದು ದರಪಟ್ಟಿ ಹಾಕುತ್ತದೆ. ಅದರಲ್ಲಿ ಮುಖ್ಯವಾಗಿ ನಾಲ್ಕು ಸಂಖ್ಯೆ ಗಮನಿಸಬೇಕು. ಖಾತೆಯಿಂದ ಖಾತೆಗೆ ಬರುವ ಡಾಲರನ್ನು ಬ್ಯಾಂಕು ಕೊಳ್ಳುವ ದರ, ಅದಕ್ಕೆ ‘ಟಿಟಿ ಬೈಯಿಂಗ್’ ಎಂದು ಹೆಸರು. ಖಾತೆಯಿಂದ ಹೊರದೇಶಕ್ಕೆ ಕಳಿಸಲು ಬ್ಯಾಂಕು ಡಾಲರ್ ಮಾರುವ ದರ, ಅದು ‘ಟಿಟಿ ಸೆಲ್ಲಿಂಗ್’. ಆಮೇಲೆ ಕೈಯಲ್ಲಿ ಹಿಡಿಯುವ ನೋಟಿಗೆ ಬೇರೆಯೇ ಒಂದು ಕೊಳ್ಳುವ ದರ, ಬೇರೆಯೇ ಒಂದು ಮಾರುವ ದರ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಕೊಳ್ಳುವುದು, ಮಾರುವುದು ಎಂಬ ಮಾತು ಬ್ಯಾಂಕಿನ ಕಡೆಯಿಂದ ಹೇಳಿದ್ದು, ನಮ್ಮ ಕಡೆಯಿಂದ ಅಲ್ಲ. ನಿಮ್ಮ ಮಗ ಡಾಲರ್ ಕಳಿಸಿದರೆ ನೀವು ಮಾರುವವರು, ಬ್ಯಾಂಕು ಕೊಳ್ಳುವುದು. ನಿಮಗೆ ಅನ್ವಯಿಸುವುದು ‘ಬೈಯಿಂಗ್’ ದರ.

ಲೆಕ್ಕಕ್ಕೆ ಒಂದು ದರಪಟ್ಟಿ ಇಟ್ಟುಕೊಳ್ಳೋಣ. ಸಗಟು ದರ 84.50. ಟಿಟಿ ಬೈಯಿಂಗ್ 83.90, ಟಿಟಿ ಸೆಲ್ಲಿಂಗ್ 85.10. ನೋಟು ಕೊಳ್ಳುವ ದರ 82.90, ನೋಟು ಮಾರುವ ದರ 86.

ಒಂದೇ ಬೀದಿಯ ಎರಡು ಮನೆ ಎಂದುಕೊಳ್ಳಿ. ಮೊದಲನೇ ಮನೆಗೆ ಮಗ ಸಾವಿರ ಡಾಲರ್ ಖಾತೆಗೆ ಕಳಿಸಿದ. 83,900 ರೂಪಾಯಿ ಬಂತು. ಅದೇ ಸಾವಿರ ಡಾಲರನ್ನು ಊರಿಗೆ ಬಂದಾಗ ನೋಟಾಗಿ ತಂದು ಬದಲಾಯಿಸಿದ್ದರೆ 82,900 ಸಿಗುತ್ತಿತ್ತು. ಸಾವಿರ ರೂಪಾಯಿ ಕಡಿಮೆ. ನೋಟನ್ನು ಎಣಿಸಬೇಕು, ಖೋಟಾ ಎಂದು ಪರೀಕ್ಷಿಸಬೇಕು, ವಿಮೆ ಮಾಡಿ ಸಾಗಿಸಬೇಕು, ಗಿರಾಕಿ ಬರುವವರೆಗೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು. ಆ ಖರ್ಚೆಲ್ಲ ದರದೊಳಗೆ ಸೇರಿಕೊಂಡಿದೆ.

ಎರಡನೇ ಮನೆಯವರು ಮಗಳ ಕಾಲೇಜಿಗೆ ಹತ್ತು ಸಾವಿರ ಡಾಲರ್ ಫೀಸು ಕಟ್ಟಬೇಕು. ಸಗಟು ದರದ ಲೆಕ್ಕದಲ್ಲಿ 8,45,000 ಆಗಬೇಕಿತ್ತು. ಆದರೆ ಟಿಟಿ ಸೆಲ್ಲಿಂಗ್ ದರದಲ್ಲಿ 8,51,000 ಆಯಿತು. ಆರು ಸಾವಿರ ಹೆಚ್ಚು. ಇದರ ಮೇಲೆ ಬ್ಯಾಂಕಿನ ಕಮಿಷನ್, ಜಿಎಸ್‌ಟಿ ಬೇರೆ. ಈ ಆರು ಸಾವಿರ ಯಾವ ರಸೀದಿಯಲ್ಲೂ ‘ಶುಲ್ಕ’ ಎಂದು ಕಾಣುವುದಿಲ್ಲ, ದರದೊಳಗೇ ಅಡಗಿರುತ್ತದೆ. ಆದರೆ ಈ ದರ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ದೊಡ್ಡ ಮೊತ್ತ ಕಳಿಸುವಾಗ ಶಾಖೆಯ ಮ್ಯಾನೇಜರ್ ಹತ್ತಿರ ‘ದರ ಸ್ವಲ್ಪ ಸರಿ ಮಾಡಿ ಕೊಡಿ ಸರ್’ ಎಂದು ಕೇಳುವುದು ತಪ್ಪಲ್ಲ. ಕೇಳಿದವರಿಗೆ ಎಷ್ಟೋ ಸಲ ಪೈಸೆಗಳ ಲೆಕ್ಕದಲ್ಲಿ ಇಳಿಸಿ ಕೊಡುತ್ತಾರೆ. ಹತ್ತು ಸಾವಿರ ಡಾಲರಿಗೆ ಇಪ್ಪತ್ತು ಪೈಸೆ ಇಳಿದರೂ ಎರಡು ಸಾವಿರ ರೂಪಾಯಿ ಉಳಿಯುತ್ತದೆ.

‘ಶುಲ್ಕವೇ ಇಲ್ಲ, ಉಚಿತವಾಗಿ ಹಣ ಕಳಿಸಿ’ ಎಂಬ ಜಾಹೀರಾತನ್ನು ಅಳೆಯುವುದೂ ಹೀಗೆಯೇ. ಒಂದು ಕಂಪನಿ ಶುಲ್ಕ ಸೊನ್ನೆ ಎನ್ನುತ್ತದೆ, ದರ 83.40 ಕೊಡುತ್ತದೆ. ಇನ್ನೊಂದು ಐದು ಡಾಲರ್ ಶುಲ್ಕ ಹಿಡಿಯುತ್ತದೆ, ದರ 84.30 ಕೊಡುತ್ತದೆ. ಸಾವಿರ ಡಾಲರ್ ಕಳಿಸಿದಾಗ ಮೊದಲನೆಯದರಲ್ಲಿ 83,400 ಬರುತ್ತದೆ. ಎರಡನೆಯದರಲ್ಲಿ ಉಳಿದ 995 ಡಾಲರಿಗೆ 83,878 ರೂಪಾಯಿ 50 ಪೈಸೆ ಬರುತ್ತದೆ. ‘ಉಚಿತ’ದಲ್ಲಿ ಕಳಿಸಿದವನು ಸುಮಾರು 478 ರೂಪಾಯಿ ಕಳೆದುಕೊಂಡ. ಇದಕ್ಕೆ ಏಳನೇ ಕ್ಲಾಸಿನ ಗಣಿತ ಸಾಕು. ಇಲ್ಲಿ ಕೈಗೆ ಬಂದ ಒಟ್ಟು ರೂಪಾಯಿಯನ್ನು ಅಲ್ಲಿ ಖಾತೆಯಿಂದ ಹೋದ ಒಟ್ಟು ಡಾಲರಿನಿಂದ ಭಾಗಿಸಿ. ಬಂದ ಉತ್ತರವೇ ನಿಮಗೆ ಸಿಕ್ಕ ನಿಜವಾದ ದರ. ಅದನ್ನು ಆ ದಿನದ ಸಗಟು ದರದ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಹೋಯಿತು ಎಂದು ಗೊತ್ತಾಗುತ್ತದೆ.

ಸಂತೆಗೆ ಬರುವವರು ಯಾರು?

ಈಗ ಬೆಲೆ ಏರಿಳಿಯುವ ವಿಷಯ. ಮೊದಲೆಲ್ಲ ಡಾಲರಿನ ಬೆಲೆಯನ್ನು ಸರ್ಕಾರವೇ ಗೊತ್ತುಮಾಡುತ್ತಿತ್ತು. 1966ರ ಜೂನ್‌ನಲ್ಲಿ ಒಂದೇ ದಿನದಲ್ಲಿ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಏರಿಸಿದ್ದನ್ನು ಹಿರಿಯರು ಕೇಳಿರುತ್ತೀರಿ. 1991ರಲ್ಲಿ ದೇಶದ ಹತ್ತಿರ ಡಾಲರ್ ಬರಿದಾಗಿ, ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಡಬೇಕಾಯಿತು. ಆ ಜುಲೈ ತಿಂಗಳಲ್ಲಿ ಎರಡು ಹಂತದಲ್ಲಿ ರೂಪಾಯಿಯ ಅಪಮೌಲ್ಯ ಮಾಡಿದರು. ಆಮೇಲೆ 1993ರ ಮಾರ್ಚಿನಿಂದ ಬೆಲೆ ಕಟ್ಟುವುದನ್ನು ಮಾರುಕಟ್ಟೆಗೆ ಬಿಟ್ಟರು. ಅಂದಿನಿಂದ ಡಾಲರಿನ ಬೆಲೆ ಸಂತೆಯಲ್ಲಿ ಹುಟ್ಟುತ್ತದೆ.

ಎಡಗಡೆಯದು ಸರಕು ಎಂದೆನಲ್ಲ, ಆ ಮಾತು ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಡಾಲರ್ ಮಾರಲು ಬಂದವರು ಹೆಚ್ಚಾದರೆ ಅದರ ಬೆಲೆ ಇಳಿಯುತ್ತದೆ, ಕೊಳ್ಳಲು ಬಂದವರು ಹೆಚ್ಚಾದರೆ ಏರುತ್ತದೆ. ಹಾಗಾದರೆ ಮಾರುವವರು ಯಾರು? ಹೊರದೇಶದ ಗಿರಾಕಿಯಿಂದ ಡಾಲರ್ ಪಡೆದು, ಇಲ್ಲಿ ನಮ್ಮಂಥವರಿಗೆ ರೂಪಾಯಿಯಲ್ಲಿ ಸಂಬಳ ಕೊಡಬೇಕಾದ ಸಾಫ್ಟ್‌ವೇರ್ ಕಂಪನಿಗಳು. ಕಾಫಿ, ಬಟ್ಟೆ, ಔಷಧಿ ರಫ್ತು ಮಾಡುವವರು. ಮನೆಗೆ ಹಣ ಕಳಿಸುವ ಮಕ್ಕಳು. ಹೀಗೆ ಮನೆಗೆ ಬರುವ ಹಣದಲ್ಲಿ ಪ್ರಪಂಚದಲ್ಲೇ ಭಾರತ ಮೊದಲು, ವರ್ಷಕ್ಕೆ 100 ಬಿಲಿಯನ್ ಡಾಲರಿಗೂ ಹೆಚ್ಚು. ಒಂದು ಬಿಲಿಯನ್ ಅಂದರೆ ನೂರು ಕೋಟಿ. ಇವರ ಜೊತೆಗೆ ನಮ್ಮ ಷೇರುಪೇಟೆಯಲ್ಲಿ ಹಣ ಹಾಕಲು ಬರುವ ವಿದೇಶಿ ಹೂಡಿಕೆದಾರರು.

ಕೊಳ್ಳುವವರಲ್ಲಿ ಎಲ್ಲರಿಗಿಂತ ದೊಡ್ಡವರು ತೈಲ ಕಂಪನಿಗಳು. ನಮಗೆ ಬೇಕಾದ ಕಚ್ಚಾತೈಲದಲ್ಲಿ ಶೇಕಡ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಅದಕ್ಕೆ ಬಹುಪಾಲು ಡಾಲರಿನಲ್ಲೇ ಹಣ ಕೊಡಬೇಕು. ಚಿನ್ನ, ಮೊಬೈಲಿನ ಬಿಡಿಭಾಗ, ಗೊಬ್ಬರ ತರುವವರೂ ಕೊಳ್ಳುವ ಸಾಲಿನಲ್ಲಿದ್ದಾರೆ. ಇನ್ನೊಬ್ಬನಿದ್ದಾನೆ. ಇವತ್ತು ಮಾರುವ ಸಾಲಿನಲ್ಲಿದ್ದ ವಿದೇಶಿ ಹೂಡಿಕೆದಾರ ನಾಳೆ ಷೇರು ಮಾರಿ ವಾಪಸು ಹೊರಟರೆ ಕೊಳ್ಳುವ ಸಾಲಿಗೆ ಬರುತ್ತಾನೆ. ತೈಲ ಕೊಳ್ಳುವವರು ಪ್ರತಿ ತಿಂಗಳೂ ಬರುವವರು. ಹೂಡಿಕೆದಾರ ಯಾವಾಗ ಬರುತ್ತಾನೆ, ಯಾವಾಗ ಹೋಗುತ್ತಾನೆ ಎಂದು ಹೇಳಲಾಗದು. ದೊಡ್ಡ ಏರುಪೇರು ಬಂದಾಗೆಲ್ಲ ಈತನ ಪಾತ್ರ ಇದ್ದೇ ಇರುತ್ತದೆ.

2013ರ ಬೇಸಿಗೆಯಲ್ಲಿ ನಡೆದದ್ದು

ಇದಕ್ಕೆ 2013ರ ಕತೆಯನ್ನು ಉದಾಹರಣೆಯಾಗಿ ಹೇಳುತ್ತೇನೆ. ಆ ವರ್ಷ ಮೇ ತಿಂಗಳ ಮೊದಲಿನಲ್ಲಿ ಡಾಲರಿಗೆ 54 ರೂಪಾಯಿಯ ಆಸುಪಾಸು ಇತ್ತು. ಆಗಸ್ಟ್ 28ರಂದು 68 ದಾಟಿ 69ರ ಹತ್ತಿರಕ್ಕೆ ಹೋಯಿತು. ನಾಲ್ಕು ತಿಂಗಳಿಗೂ ಕಡಿಮೆ ಅವಧಿ. ನಮ್ಮ ದೇಶದಲ್ಲಿ ಆ ನಡುವೆ ಯುದ್ಧವಾಗಲಿಲ್ಲ, ಬರಗಾಲ ಬರಲಿಲ್ಲ. ಹಾಗಾದರೆ ಏನಾಯಿತು?

ಅಮೆರಿಕದ ಕೇಂದ್ರ ಬ್ಯಾಂಕಿಗೆ ಫೆಡರಲ್ ರಿಸರ್ವ್ ಎಂದು ಹೆಸರು. ಅವರ ದೇಶದ ವ್ಯಾಪಾರ ಕುಂಟುತ್ತಿದ್ದುದರಿಂದ ಅದು ಪ್ರತಿ ತಿಂಗಳು 85 ಬಿಲಿಯನ್ ಡಾಲರಿನಷ್ಟು ಸಾಲಪತ್ರಗಳನ್ನು ಕೊಂಡು ಮಾರುಕಟ್ಟೆಗೆ ಹಣ ಬಿಡುತ್ತಿತ್ತು. ಹಾಗಾಗಿ ಅಲ್ಲಿ ಬಡ್ಡಿ ತೀರ ಕಡಿಮೆ ಇತ್ತು. ಆ ಹಣ ಹೆಚ್ಚು ಬಡ್ಡಿ ಹುಡುಕಿಕೊಂಡು ಭಾರತದಂಥ ದೇಶಗಳಿಗೆ ಬಂದಿತ್ತು. ಮೇ 22ರಂದು ಫೆಡರಲ್ ರಿಸರ್ವಿನ ಅಧ್ಯಕ್ಷ ಬೆನ್ ಬರ್ನಾಂಕಿ ಅವರು, ಮುಂದಿನ ಕೆಲವು ಸಭೆಗಳಲ್ಲಿ ಈ ಕೊಳ್ಳುವಿಕೆಯನ್ನು ಕಡಿಮೆ ಮಾಡಬಹುದು ಎಂದು ಸಂಸತ್ತಿನ ಮುಂದೆ ಹೇಳಿದರು. ಕಡಿಮೆ ಮಾಡಲಿಲ್ಲ, ಮಾಡಬಹುದು ಎಂದರು ಅಷ್ಟೇ. ಹೂಡಿಕೆದಾರರು ಅಷ್ಟಕ್ಕೇ ಗಂಟುಮೂಟೆ ಕಟ್ಟಿದರು. ರೂಪಾಯಿ ಕೊಟ್ಟು ಡಾಲರ್ ಕೊಳ್ಳಲು ಒಮ್ಮೆಲೇ ನುಗ್ಗಿದರು. ಕೇಂದ್ರ ಬ್ಯಾಂಕಿನ ಬಡ್ಡಿ ದರ ಅಂದರೆ ವಿನಿಮಯ ದರದ ಚುಕ್ಕಾಣಿಯಿದ್ದಂತೆ ಎನ್ನುವುದು ಇದಕ್ಕೇ. ಅದು ತಿರುಗುವ ಮೊದಲೇ, ತಿರುಗಬಹುದು ಎಂಬ ಮಾತಿಗೇ ದೋಣಿ ವಾಲುತ್ತದೆ.

ಆದರೆ ಗಾಳಿ ಎಲ್ಲ ಮರಕ್ಕೂ ಬೀಸಿದರೂ ಬೇರು ಸಡಿಲವಾದ ಮರ ಹೆಚ್ಚು ಅಲ್ಲಾಡುತ್ತದೆ. 2012-13ರಲ್ಲಿ ನಾವು ಹೊರದೇಶಕ್ಕೆ ಕೊಡಬೇಕಾದ ಡಾಲರ್, ನಮ್ಮ ವ್ಯಾಪಾರ ಮತ್ತು ದುಡಿಮೆಯಿಂದ ಬಂದ ಡಾಲರಿಗಿಂತ ಬಹಳ ಹೆಚ್ಚಾಗಿತ್ತು. ಆ ಕೊರತೆ ದೇಶದ ಒಟ್ಟು ಉತ್ಪನ್ನದ ಶೇಕಡ 4.8ರಷ್ಟಿತ್ತು. ತೈಲ ಮತ್ತು ಚಿನ್ನ ಅದಕ್ಕೆ ಮುಖ್ಯ ಕಾರಣ. ಆ ಕೊರತೆಯನ್ನು ತುಂಬುತ್ತಿದ್ದುದು ಇದೇ ಹೂಡಿಕೆದಾರರ ಹಣ. ಅವರು ಹೊರಟಾಗ ತೈಲ ಕಂಪನಿಗಳು ಮತ್ತು ಅವರು ಒಂದೇ ಬಾಗಿಲಲ್ಲಿ ಡಾಲರಿಗಾಗಿ ತಳ್ಳಾಡುವಂತಾಯಿತು.

ಆಗ ರಿಸರ್ವ್ ಬ್ಯಾಂಕ್ ಮಾಡಿದ ಕೆಲಸ ನೋಡಿ. ಜುಲೈನಲ್ಲಿ ಬ್ಯಾಂಕುಗಳು ತುರ್ತಿಗೆ ಪಡೆಯುವ ಸಾಲದ ಬಡ್ಡಿಯನ್ನು ಶೇಕಡ 10.25ಕ್ಕೆ ಏರಿಸಿತು. ರೂಪಾಯಿಯನ್ನು ಸಾಲ ಪಡೆದು ಡಾಲರ್ ಕೊಳ್ಳುವುದು ಅದರಿಂದ ದುಬಾರಿಯಾಯಿತು. ಸರ್ಕಾರ ಆಗಸ್ಟಿನಲ್ಲಿ ಚಿನ್ನದ ಆಮದು ಸುಂಕವನ್ನು ಶೇಕಡ 10ಕ್ಕೆ ಏರಿಸಿತು. ಆಗಸ್ಟ್ 28ರ ರಾತ್ರಿ ರಿಸರ್ವ್ ಬ್ಯಾಂಕ್ ಒಂದು ಜಾಣತನದ ಹೆಜ್ಜೆ ಇಟ್ಟಿತು. ಸರ್ಕಾರಿ ತೈಲ ಕಂಪನಿಗಳು ಸಂತೆಗೆ ಬರುವುದೇ ಬೇಡ, ಬೇಕಾದ ಡಾಲರನ್ನು ನಾನೇ ನೇರವಾಗಿ ಕೊಡುತ್ತೇನೆ, ಆಮೇಲೆ ವಾಪಸು ಕೊಡಿ ಎಂದಿತು. ಎಲ್ಲರಿಗಿಂತ ದೊಡ್ಡ ಗಿರಾಕಿಯನ್ನು ಸಂತೆಯಿಂದ ಹೊರಗಿಟ್ಟಂತಾಯಿತು.

ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ಗವರ್ನರ್ ಆದರು. ಅನಿವಾಸಿ ಭಾರತೀಯರು ಡಾಲರಿನಲ್ಲೇ ಇಡುವ ಮೂರು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ಬ್ಯಾಂಕುಗಳು ತರಲಿ, ವಾಪಸು ಕೊಡುವ ಹೊತ್ತಿಗೆ ಡಾಲರ್ ಏರಿದ್ದರೂ ಬ್ಯಾಂಕಿಗೆ ಹೊರೆಯಾಗದಂತೆ ವರ್ಷಕ್ಕೆ ಶೇಕಡ 3.5ರ ಖರ್ಚಿನಲ್ಲಿ ರಿಸರ್ವ್ ಬ್ಯಾಂಕೇ ಆ ಅಪಾಯ ಹೊರುತ್ತದೆ ಎಂಬ ಯೋಜನೆ ಬಂತು. ಇದೂ ಇದರ ಜೊತೆಯ ಇನ್ನೊಂದು ಏರ್ಪಾಡೂ ಸೇರಿ ನವೆಂಬರ್ ಕೊನೆಯೊಳಗೆ ಸುಮಾರು 34 ಬಿಲಿಯನ್ ಡಾಲರ್ ತಂದವು. ಮಾರುವವರ ಸಾಲು ಉದ್ದವಾಯಿತು. ಡಾಲರ್ 62ರ ಆಸುಪಾಸಿಗೆ ಇಳಿಯಿತು.

ಇಳಿಯಿತು, ಆದರೆ 54ಕ್ಕೆ ಮರಳಲಿಲ್ಲ. ಇದು ರಿಸರ್ವ್ ಬ್ಯಾಂಕಿನ ಶಕ್ತಿಯ ಮಿತಿಯನ್ನೂ ತೋರಿಸುತ್ತದೆ. ತಂದ ಡಾಲರ್ ಸಾಲದ ಡಾಲರು, 2016ರಲ್ಲಿ ವಾಪಸು ಕೊಡಬೇಕಾಯಿತು. ರಿಸರ್ವ್ ಬ್ಯಾಂಕ್ ಇಷ್ಟೇ ಬೆಲೆ ಇರಬೇಕು ಎಂದು ಹಟ ಹಿಡಿಯುವುದಿಲ್ಲ. ಏರಿಳಿತದ ರಭಸವನ್ನು ತಗ್ಗಿಸುತ್ತೇನೆ ಎನ್ನುತ್ತದೆ. ಡಾಲರ್ ಧಾರಾಳವಾಗಿ ಬಂದಾಗ ಕೊಂಡು ಕಣಜ ತುಂಬಿಸಿಕೊಳ್ಳುತ್ತದೆ, ಬರ ಬಂದಾಗ ಕಣಜ ತೆಗೆದು ಮಾರುತ್ತದೆ. 2022ರಲ್ಲಿ ಅಮೆರಿಕದಲ್ಲಿ ಬಡ್ಡಿ ಏರಿ, ಉಕ್ರೇನ್ ಯುದ್ಧದಿಂದ ತೈಲವೂ ದುಬಾರಿಯಾದಾಗ ಹೀಗೆಯೇ ಮಾರಿತು. ಆ ವರ್ಷ ಡಾಲರ್ 80 ದಾಟಿತು, ಆದರೆ 2013ರಂತೆ ಗಾಬರಿಯ ಓಟವಾಗಲಿಲ್ಲ. ಈ ವರ್ಷದ ಸೆಪ್ಟೆಂಬರ್ ಕೊನೆಗೆ ಆ ಕಣಜದಲ್ಲಿ 700 ಬಿಲಿಯನ್ ಡಾಲರಿಗೂ ಹೆಚ್ಚು ಇತ್ತು.

ಇದೆಲ್ಲ ತಿಂಗಳುಗಳ ಲೆಕ್ಕ. ಐವತ್ತು ವರ್ಷದಲ್ಲಿ ಎಂಟು ರೂಪಾಯಿ ಎಂಬತ್ತನಾಲ್ಕಾಗಲು ಮುಖ್ಯ ಕಾರಣ ಇನ್ನೂ ಸರಳ. ಒಟ್ಟಾರೆ ನೋಡಿದರೆ ಈ ಅವಧಿಯಲ್ಲಿ ಅಮೆರಿಕದಲ್ಲಿ ಏರಿದ್ದಕ್ಕಿಂತ ವೇಗವಾಗಿ ನಮ್ಮಲ್ಲಿ ವಸ್ತುಗಳ ಬೆಲೆ ಏರಿತು. ರೂಪಾಯಿಗೆ ಊರೊಳಗೆ ಸಿಗುವ ಸಾಮಾನು ಕಡಿಮೆಯಾದಂತೆ ಹೊರಗೆ ಸಿಗುವ ಡಾಲರೂ ಕಡಿಮೆಯಾಗುತ್ತ ಬಂತು.

ಏರಿದರೆ ಯಾರಿಗೆ ಲಾಭ?

ರೂಪಾಯಿ ಇಳಿದರೆ ದೇಶದ ಮಾನ ಹೋಯಿತು ಎಂಬಂತೆ ಮಾತಾಡುವವರಿದ್ದಾರೆ. ಲೆಕ್ಕ ಅಷ್ಟು ಸಲೀಸಲ್ಲ. ರೋಬಸ್ಟಾ ಕಾಫಿಯ ಅಂತರರಾಷ್ಟ್ರೀಯ ಬೆಲೆ ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು ನಿಗದಿಯಾಗುತ್ತದೆ. ಅಲ್ಲಿ ಟನ್ನಿಗೆ 4,000 ಡಾಲರ್ ಇದ್ದು ಒಂದು ಡಾಲರೂ ಏರಲಿಲ್ಲ ಎಂದುಕೊಳ್ಳಿ. ಡಾಲರ್ 83 ಇದ್ದಾಗ ಅದು 3,32,000 ರೂಪಾಯಿ. 84.50 ಆದಾಗ 3,38,000. ಕಾಫಿ ಬೆಲೆ ಅಲ್ಲಾಡದೆ ರಫ್ತುದಾರನಿಗೆ ಆರು ಸಾವಿರ ಹೆಚ್ಚು ಬಂತು. ಅದರಲ್ಲಿ ಬೆಳೆಗಾರನಿಗೆ ಎಷ್ಟು ತಲುಪುತ್ತದೆ ಎಂಬುದು ಬೇರೆ ಪ್ರಶ್ನೆ, ಆದರೆ ಚೌಕಾಸಿ ಮಾಡುವಾಗ ಈ ಲೆಕ್ಕ ಗೊತ್ತಿರಬೇಕು. ಅದೇ ಬೆಳೆಗಾರ ತೋಟಕ್ಕೆ ಹಾಕುವ ಪೊಟ್ಯಾಷ್ ಹೊರದೇಶದಿಂದ ಬರುವುದು. ಪಂಪಿಗೆ ಹಾಕುವ ಡೀಸೆಲ್ ಕೂಡ ಡಾಲರ್ ಕೊಟ್ಟು ತಂದ ತೈಲದ್ದು. ಹಾಗಾಗಿ ಒಂದೇ ಮನೆಯಲ್ಲಿ ಒಂದು ಜೇಬಿಗೆ ಬಂದದ್ದು ಇನ್ನೊಂದು ಜೇಬಿನಿಂದ ಹೋಗುತ್ತದೆ. ನಿಮ್ಮ ಮನೆ ಡಾಲರ್ ಮಾರುವ ಸಾಲಿನಲ್ಲಿದೆಯೋ ಕೊಳ್ಳುವ ಸಾಲಿನಲ್ಲಿದೆಯೋ ಎಂದು ನೋಡಿಕೊಂಡರೆ ಡಾಲರ್ ಏರಿದ್ದು ನಿಮಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಉತ್ತರ ಸಿಗುತ್ತದೆ.

ಮೊಬೈಲಿನ ಒಳಗಿನ ಫಾರೆಕ್ಸ್

ಕೊನೆಯದಾಗಿ ಹುಡುಗರಿಗೆ ಒಂದು ಮಾತು. ‘EUR/USD ಟ್ರೇಡ್ ಮಾಡಿ, ಹತ್ತು ಸಾವಿರ ಹಾಕಿ, ನೂರು ಪಟ್ಟು ವ್ಯಾಪಾರ ಮಾಡಿ’ ಎಂಬ ಆ್ಯಪ್‌ಗಳ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಅದರ ಗಣಿತ ಹೀಗಿದೆ. ನಿಮ್ಮ ಹತ್ತು ಸಾವಿರಕ್ಕೆ ಅವರು ನೂರು ಪಟ್ಟು, ಅಂದರೆ ಹತ್ತು ಲಕ್ಷದ ವ್ಯಾಪಾರ ಮಾಡಲು ಬಿಡುತ್ತಾರೆ. ಯೂರೋ ಶೇಕಡ ಒಂದರಷ್ಟು ನಿಮ್ಮ ಊಹೆಗೆ ವಿರುದ್ಧ ಹೋದರೆ ಹತ್ತು ಲಕ್ಷದಲ್ಲಿ ಹತ್ತು ಸಾವಿರ ನಷ್ಟ. ನಿಮ್ಮ ಹಣ ಅಲ್ಲಿಗೆ ಮುಗಿಯಿತು. ಒಂದೆರಡು ದಿನದಲ್ಲಿ ಶೇಕಡ ಒಂದು ಅಲ್ಲಾಡುವುದು ಯೂರೋಗೆ ಅಪರೂಪವೇನಲ್ಲ. ಆಮೇಲೆ ಅದು ನಿಮ್ಮ ಊಹೆಯ ಕಡೆಗೇ ತಿರುಗಬಹುದು, ಅಷ್ಟರಲ್ಲಿ ನೀವು ಆಟದಲ್ಲಿ ಇರುವುದಿಲ್ಲ. ಕೊಳ್ಳುವ ದರ ಮತ್ತು ಮಾರುವ ದರದ ವ್ಯತ್ಯಾಸ ನಿಮ್ಮ ಹತ್ತು ಸಾವಿರದ ಮೇಲಲ್ಲ, ಆ ಹತ್ತು ಲಕ್ಷದ ಮೇಲೆ ಪ್ರತಿ ಸಲವೂ ಕಳೆಯುತ್ತ ಹೋಗುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಕಾನೂನು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ನಾವು ವಿದೇಶಿ ಹಣದ ವ್ಯವಹಾರವನ್ನು ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟವರ ಜೊತೆ ಮಾತ್ರ ಮಾಡಬೇಕು. ಟ್ರೇಡಿಂಗ್ ಆದರೆ ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿ, ಅಥವಾ ರಿಸರ್ವ್ ಬ್ಯಾಂಕ್ ಒಪ್ಪಿದ ವೇದಿಕೆಗಳಲ್ಲಿ ಮಾತ್ರ. ಅನುಮತಿ ಇಲ್ಲದ ಇಂಥ ಆ್ಯಪ್‌ಗಳ ಹೆಸರನ್ನು ರಿಸರ್ವ್ ಬ್ಯಾಂಕ್ 2022ರಿಂದ ‘ಅಲರ್ಟ್ ಲಿಸ್ಟ್’ ಎಂದು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತಿದೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಎಂದರ್ಥವಲ್ಲ ಎಂದೂ ಅಲ್ಲಿಯೇ ಹೇಳಿದೆ. ಮೋಸದ ಆ್ಯಪ್ ಗುರುತಿಸುವುದು ಕಷ್ಟವಲ್ಲ. ಹಣವನ್ನು ಯಾರದೋ ವೈಯಕ್ತಿಕ ಯುಪಿಐಗೆ ಹಾಕಲು ಹೇಳುತ್ತಾರೆ. ಪರದೆಯ ಮೇಲೆ ಲಾಭ ದಿನದಿನ ಬೆಳೆಯುತ್ತದೆ. ವಾಪಸು ಕೇಳಿದಾಗ ‘ಮೊದಲು ತೆರಿಗೆ ಕಟ್ಟಿ’ ಎಂದು ಇನ್ನಷ್ಟು ಕೇಳುತ್ತಾರೆ. ಈ ಹಂತಕ್ಕೆ ಬಂದವರು ಇನ್ನೊಂದು ರೂಪಾಯಿಯನ್ನೂ ಹಾಕಬಾರದು. ನಾಚಿಕೆಪಟ್ಟು ಮನೆಯಲ್ಲಿ ಮುಚ್ಚಿಡದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಡಾಲರ್ ನಾಳೆ ಎಷ್ಟಾಗುತ್ತದೆ ಎಂದು ಗೋಷ್ಠಿ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕೇಳಬೇಡಿ. ಅದನ್ನು ಖಚಿತವಾಗಿ ಹೇಳುತ್ತೇನೆ ಎನ್ನುವವರು ಯಾರೇ ಆದರೂ ಅವರಿಂದ ದೂರವಿರಿ. ಆದರೆ ಬ್ಯಾಂಕಿನ ರಸೀದಿಯನ್ನೋ ಹಣ ಬಂದ ಮೆಸೇಜನ್ನೋ ತಂದರೆ ನಿಮಗೆ ಸಿಕ್ಕ ನಿಜವಾದ ದರ ಎಷ್ಟು ಎಂದು ಕೂತು ಲೆಕ್ಕ ಹಾಕೋಣ. ಮಧ್ಯಾಹ್ನದ ಊಟದವರೆಗೂ ಹತ್ತನೇ ತರಗತಿಯ ಕೊಠಡಿಯಲ್ಲಿ ಇರುತ್ತೇನೆ.